ಇನ್ಫೋಸಿಸ್ ಫಲಿತಾಂಶವನ್ನು ಒಂದು ಪುಟಕ್ಕೆ ಇಳಿಸಿದ ಸಂಜೆ

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯ ಹಣಕಾಸು ವಿಭಾಗದಲ್ಲಿ. ದೊಡ್ಡ ಐಟಿ ಕಂಪನಿಗಳಿಗೆ ಗುತ್ತಿಗೆ ಮೇಲೆ ಎಂಜಿನಿಯರ್‌ಗಳನ್ನು ಒದಗಿಸುವುದು ನಮ್ಮ ವ್ಯವಹಾರ. ಹಾಗಾಗಿ ಇನ್ಫೋಸಿಸ್, ಟಿಸಿಎಸ್, ವಿಪ್ರೊಗಳ ತ್ರೈಮಾಸಿಕ ಫಲಿತಾಂಶ ನಮಗೆ ಷೇರು ಮಾರುಕಟ್ಟೆಯ ಸುದ್ದಿಯಷ್ಟೇ ಅಲ್ಲ, ಮುಂದಿನ ಆರು ತಿಂಗಳಲ್ಲಿ ನಮಗೆ ಎಷ್ಟು ಕೆಲಸ ಸಿಗಬಹುದು ಎಂಬುದರ ಸೂಚನೆ. ಫಲಿತಾಂಶ ಬಂದ ದಿನ ರಾತ್ರಿಯೊಳಗೆ ನಮ್ಮ ಎಂಡಿ ಮತ್ತು ಸಿಎಫ್‌ಒ ಅವರಿಗೆ ಒಂದು ಪುಟದ ಸಾರಾಂಶ ಕಳಿಸುವುದು ನನ್ನ ಪಾಲಿನ ಕೆಲಸ. ಎಂಡಿ ಅದನ್ನು ಕಾರಿನಲ್ಲಿ, ಫೋನಿನಲ್ಲಿ ಓದುತ್ತಾರೆ. ಎರಡು ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ.

ಈ ಕೆಲಸ ನನಗೆ ನಿಜವಾಗಿ ಅರ್ಥವಾದದ್ದು 2024ರ ಏಪ್ರಿಲ್ 18ರಂದು. ಅವತ್ತು ಇನ್ಫೋಸಿಸ್ ಜನವರಿ–ಮಾರ್ಚ್ ತ್ರೈಮಾಸಿಕದ ಜೊತೆಗೆ ಇಡೀ 2023–24ರ ಲೆಕ್ಕವನ್ನೂ ಪ್ರಕಟಿಸಿತು. ಪತ್ರಿಕಾ ಪ್ರಕಟಣೆ ತೆರೆದರೆ ಕಣ್ಣಿಗೆ ಬೀಳುವ ಸಂಖ್ಯೆ ನಿವ್ವಳ ಲಾಭದ್ದು: ₹7,969 ಕೋಟಿ, ಹಿಂದಿನ ವರ್ಷದ ಇದೇ ಅವಧಿಗಿಂತ ಶೇ 30 ಹೆಚ್ಚು. ನಾನು ಅದನ್ನೇ ಮೊದಲ ಸಾಲಾಗಿ ಬರೆದು, ಅರ್ಧ ಪುಟ ಮುಗಿಸಿ, ಸಿಎಫ್‌ಒ ಮೇಡಂ ಅವರಿಗೆ ತೋರಿಸಿದೆ.

ಅವರು ಒಂದೇ ಪ್ರಶ್ನೆ ಕೇಳಿದರು. "ವರಮಾನ ಎಷ್ಟು ಬೆಳೆದಿದೆ?"

"ರೂಪಾಯಿ ಲೆಕ್ಕದಲ್ಲಿ ಶೇ 1.3, ಮೇಡಂ."

"ವರಮಾನ ಒಂದು ಚಿಲ್ಲರೆ ಬೆಳೆದು ಲಾಭ ಮೂವತ್ತು ಬೆಳೆಯಬೇಕಾದರೆ ನಡುವೆ ಏನೋ ಆಗಿರಬೇಕಲ್ಲ. ಅದು ಏನು ಅಂತ ಗೊತ್ತಾದ ಮೇಲೆ ಬರೆಯಿರಿ."

ಅಲ್ಲಿಂದ ವಾಪಸ್ ಬಂದು ಲಾಭ–ನಷ್ಟದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಇಳಿದೆ. ವರಮಾನ ₹37,923 ಕೋಟಿ. ಅದರಿಂದ ವೆಚ್ಚ ಕಳೆದರೆ ಉಳಿಯುವ ಕಾರ್ಯಾಚರಣೆ ಲಾಭ ₹7,621 ಕೋಟಿ. ಹಿಂದಿನ ವರ್ಷ ಇದೇ ಜಾಗದಲ್ಲಿ ₹7,877 ಕೋಟಿ ಇತ್ತು. ಅಂದರೆ ವ್ಯವಹಾರದಿಂದ ಬಂದ ಲಾಭ ಸುಮಾರು ಶೇ 3ರಷ್ಟು ಇಳಿದಿದೆ. ಅದರ ಕೆಳಗಿನ ಸಾಲು 'ಇತರ ಆದಾಯ'. ಮಾಮೂಲಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ ₹2,729 ಕೋಟಿ ಅಲ್ಲಿ ಕೂತಿತ್ತು. ಲೆಕ್ಕದ ಕೆಳಗಿದ್ದ ಟಿಪ್ಪಣಿ ಓದಿದಾಗ ಕಾರಣ ತಿಳಿಯಿತು. ಹಳೆಯ ವರ್ಷಗಳ ಆದಾಯ ತೆರಿಗೆ ವಿವಾದಗಳಲ್ಲಿ ಕಂಪನಿಯ ಪರ ಆದೇಶ ಬಂದು, ರೀಫಂಡ್ ಮೇಲಿನ ಬಡ್ಡಿಯೇ ₹1,900 ಕೋಟಿಗೂ ಹೆಚ್ಚು ಜಮೆಯಾಗಿತ್ತು. ಅದರ ಜೊತೆಗೆ ಹಿಂದೆ ತೆರಿಗೆಗೆಂದು ತೆಗೆದಿಟ್ಟಿದ್ದ ಮೊತ್ತದಲ್ಲಿ ಒಂದಿಷ್ಟನ್ನು ವಾಪಸ್ ಬರೆದುಕೊಂಡಿದ್ದರು. ಇದೆಲ್ಲ ನಿಜವಾದ ಹಣ, ಕಂಪನಿ ಇದನ್ನು ಮುಚ್ಚಿಟ್ಟಿರಲಿಲ್ಲ, ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ಆದರೆ ಮುಂದಿನ ತ್ರೈಮಾಸಿಕಕ್ಕೆ ಇದು ಮತ್ತೆ ಬರುವುದಿಲ್ಲ. ನಮ್ಮ ಎಂಡಿ ಕೇಳುವುದು ಇನ್ಫೋಸಿಸ್‌ಗೆ ಗ್ರಾಹಕರಿಂದ ಕೆಲಸ ಬರುತ್ತಿದೆಯೇ ಎಂದು. ಆ ಪ್ರಶ್ನೆಗೆ ಶೇ 30 ಉತ್ತರವೇ ಅಲ್ಲ.

ಅವತ್ತಿನಿಂದ ನಿವ್ವಳ ಲಾಭವನ್ನು ನಾನು ಪುಟದ ಕೆಳಭಾಗಕ್ಕೆ ಇಳಿಸಿದ್ದೇನೆ. ಮೊದಲು ಕಾರ್ಯಾಚರಣೆ ಲಾಭ ನೋಡುತ್ತೇನೆ. ಅದು ಒಂದು ದಿಕ್ಕಿಗೆ ಹೋಗಿ ನಿವ್ವಳ ಲಾಭ ಇನ್ನೊಂದು ದಿಕ್ಕಿಗೆ ಹೋಗಿದ್ದರೆ ಅವೆರಡರ ನಡುವಿನ ಸಾಲುಗಳಲ್ಲಿ, ಅಂದರೆ ಇತರ ಆದಾಯ, ಬಡ್ಡಿ ವೆಚ್ಚ, ತೆರಿಗೆ ಇವುಗಳಲ್ಲಿ, ಕಾರಣ ಸಿಗುವವರೆಗೆ ಒಂದಕ್ಷರ ಬರೆಯುವುದಿಲ್ಲ.

ವರಮಾನದ ವಿಷಯದಲ್ಲಿ ಇನ್ನೊಂದು ತೊಡಕು. ಒಂದೇ ವರಮಾನಕ್ಕೆ ಆ ದಿನ ಮೂರು ಬೆಳವಣಿಗೆ ದರಗಳಿದ್ದವು, ಮೂರೂ ಸರಿ. ರೂಪಾಯಿಯಲ್ಲಿ ಶೇ 1.3. ಡಾಲರ್‌ನಲ್ಲಿ 456.4 ಕೋಟಿ, ಹಿಂದಿನ ವರ್ಷದ 455.4 ಕೋಟಿಗೆ ಹೋಲಿಸಿದರೆ ಶೇ 0.2. ಕಾನ್‌ಸ್ಟಂಟ್ ಕರೆನ್ಸಿಯಲ್ಲಿ ಸೊನ್ನೆ. ಈ ಮೂರನೆಯದನ್ನು ಮಾಡುವ ರೀತಿ ಸರಳ. ಈ ಸಲದ ಬಿಲ್ಲುಗಳನ್ನು, ಅವು ಯಾವ ಕರೆನ್ಸಿಯಲ್ಲೇ ಇರಲಿ, ಹೋಲಿಸುತ್ತಿರುವ ಹಳೆಯ ಅವಧಿಯ ವಿನಿಮಯ ದರದಲ್ಲೇ ಲೆಕ್ಕ ಹಾಕುತ್ತಾರೆ. ಆಗ ಕರೆನ್ಸಿಯ ಏರಿಳಿತ ಕಳಚಿಹೋಗಿ, ಕೆಲಸ ನಿಜವಾಗಿ ಹೆಚ್ಚಾಯಿತೇ ಎಂಬುದು ಮಾತ್ರ ಉಳಿಯುತ್ತದೆ. ಆ ಒಂದು ವರ್ಷದಲ್ಲಿ ಡಾಲರ್ ಬೆಲೆ ₹82 ಚಿಲ್ಲರೆಯಿಂದ ₹83ರ ಆಸುಪಾಸಿಗೆ ಬಂದಿತ್ತು. ರೂಪಾಯಿ ಲೆಕ್ಕದ ಶೇ 1.3ರಲ್ಲಿ ಬಹುಪಾಲು ಬಂದದ್ದು ಅಲ್ಲಿಂದಲೇ.

ನನ್ನ ಪುಟದಲ್ಲಿ ಕಾನ್‌ಸ್ಟಂಟ್ ಕರೆನ್ಸಿ ಸಂಖ್ಯೆಗೇ ಮೊದಲ ಜಾಗ. ರೂಪಾಯಿ ಮೊತ್ತವನ್ನು ಗಾತ್ರ ತಿಳಿಯಲಿ ಎಂದು ಪಕ್ಕದಲ್ಲಿ ಬರೆಯುತ್ತೇನೆ, ಅದರ ಬೆಳವಣಿಗೆ ದರ ಬರೆಯುವುದಿಲ್ಲ. ಎರಡು ಶೇಕಡಾ ಅಕ್ಕಪಕ್ಕ ಇದ್ದರೆ ಅವಸರದಲ್ಲಿರುವವರ ನೆನಪಿನಲ್ಲಿ ದೊಡ್ಡದೇ ಉಳಿಯುತ್ತದೆ. ಕಂಪನಿ ಪ್ರತಿ ಸಲ ಹೊರತರುವ ಫ್ಯಾಕ್ಟ್ ಶೀಟ್‌ನಲ್ಲಿ ಈ ದರಗಳು ಸಿದ್ಧವಾಗಿಯೇ ಸಿಗುತ್ತವೆ, ನಾವು ಲೆಕ್ಕ ಹಾಕಬೇಕಿಲ್ಲ. ವಾರ್ಷಿಕ ಹೋಲಿಕೆ ಯಾವುದು, ಹಿಂದಿನ ತ್ರೈಮಾಸಿಕದ ಹೋಲಿಕೆ ಯಾವುದು ಎಂದು ಬೆರಳಿಟ್ಟು ಓದಬೇಕು, ಅಷ್ಟೆ. ಆ ಸಲ ವಾರ್ಷಿಕ ಲೆಕ್ಕದಲ್ಲಿ ಸೊನ್ನೆ, ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಶೇ 2.2 ಇಳಿಕೆ. ನಮ್ಮಂಥ ಪೂರೈಕೆದಾರರಿಗೆ ಎರಡನೆಯದೇ ಮುಖ್ಯ.

ಇನ್ಫೋಸಿಸ್ ಆಡಳಿತ ವಿಶ್ಲೇಷಕರ ಜೊತೆ ನಡೆಸುವ ಸಂಜೆಯ ಕಾನ್ಫರೆನ್ಸ್ ಕಾಲ್ ಮುಗಿಯುವವರೆಗೆ ಪುಟ ಕಳಿಸಬಾರದು ಎಂದು ನಾನು ಹಟ ಹಿಡಿಯುವುದು ಇಂಥದ್ದಕ್ಕೇ. ಆ ಶೇ 2.2 ಇಳಿಕೆಯಲ್ಲಿ ಸುಮಾರು ಶೇ 1ರಷ್ಟು, ಹಣಕಾಸು ಸೇವಾ ವಲಯದ ಒಬ್ಬ ಗ್ರಾಹಕರ ಜೊತೆಗಿನ ಒಂದು ಒಪ್ಪಂದವನ್ನು ಮರುಮಾತುಕತೆ ಮಾಡಿ ಕೆಲಸದ ವ್ಯಾಪ್ತಿ ಬದಲಿಸಿದ್ದರಿಂದ ಆದ ಒಂದು ಸಲದ ಪರಿಣಾಮ ಎಂದು ಆಡಳಿತ ವಿವರಿಸಿತು. ಇದನ್ನು ಪುಟದಲ್ಲಿ ಹೇಗೆ ಹೇಳುವುದು? 'ಇಳಿಕೆಗೆ ಕಾರಣ ಒಂದು ಒಪ್ಪಂದ' ಎಂದರೆ ಕಂಪನಿಯ ಪರ ಹೆಚ್ಚು ಮಾತಾಡಿದಂತೆ, ಬಿಟ್ಟುಬಿಟ್ಟರೆ ಅನ್ಯಾಯ. ಲೆಕ್ಕವನ್ನೇ ಬರೆದೆ: ಇಳಿಕೆ 2.2, ಅದರಲ್ಲಿ ಒಂದು ಸಲದ್ದು ಸುಮಾರು 1, ಉಳಿದ 1.2ಕ್ಕೆ ಬೇಡಿಕೆಯೇ ಕಾರಣ ಎಂದು ನಾವು ಭಾವಿಸುತ್ತೇವೆ. ಕಂಪನಿ ಹೇಳಿದ್ದು ಯಾವುದು, ನಾವು ಊಹಿಸಿದ್ದು ಯಾವುದು ಎಂಬ ಗೆರೆ ಓದುವವರಿಗೆ ಕಾಣಬೇಕು. 'ನಾವು' ಎಂಬ ಪದ ಆ ಗೆರೆ.

ಮಾರ್ಜಿನ್‌ಗೆ, ಅಂದರೆ ವರಮಾನದಲ್ಲಿ ಕಾರ್ಯಾಚರಣೆ ಲಾಭದ ಪಾಲಿಗೆ, ಹೆಚ್ಚು ಜಾಗ ಬೇಕಾಗಲಿಲ್ಲ. ಆಪರೇಟಿಂಗ್ ಮಾರ್ಜಿನ್ ಶೇ 20.1, ಹಿಂದಿನ ವರ್ಷ ಶೇ 21. ಇದನ್ನು ಮೊದಲ ಕರಡಿನಲ್ಲಿ 'ಮಾರ್ಜಿನ್ ಶೇ 0.9 ಇಳಿಕೆ' ಎಂದು ಬರೆದಿದ್ದೆ. ತಪ್ಪು. 21ರಲ್ಲಿ ಶೇ 0.9 ಕಳೆದರೆ ಉಳಿಯುವುದು 20.8. ಇಳಿದದ್ದು 0.9 ಶೇಕಡಾ ಅಂಶ, ಅಥವಾ 90 ಬೇಸಿಸ್ ಪಾಯಿಂಟ್. ಈ ಗೊಂದಲವೇ ಬೇಡ ಎಂದು ಈಗ '21.0ರಿಂದ 20.1ಕ್ಕೆ' ಎಂದು ಎರಡೂ ಸಂಖ್ಯೆ ಕೊಟ್ಟುಬಿಡುತ್ತೇನೆ. ಪಕ್ಕದಲ್ಲಿ ಕಂಪನಿ ತಾನೇ ಹಾಕಿಕೊಂಡಿರುವ ಪಟ್ಟಿಯನ್ನೂ ಬರೆಯುತ್ತೇನೆ: 20ರಿಂದ 22. ಆಗ 20.1 ಅಂಚಿಗೆ ಬಂದು ನಿಂತಿದೆ ಎಂಬುದು ವಿಶೇಷಣ ಸೇರಿಸದೆಯೇ ತಿಳಿಯುತ್ತದೆ.

ಪುಟದಲ್ಲಿ ನನಗೆ ಅತಿ ಇಷ್ಟವಾದ ಸಾಲು ಗೈಡೆನ್ಸ್‌ನದು. ಮುಂದಿನ ವರ್ಷಕ್ಕೆ ಕಂಪನಿ ಕೊಟ್ಟ ಮುನ್ನೋಟ ಕಾನ್‌ಸ್ಟಂಟ್ ಕರೆನ್ಸಿಯಲ್ಲಿ ಶೇ 1ರಿಂದ 3. ಅದಷ್ಟನ್ನೇ ಬರೆದರೆ ಓದುವವರಿಗೆ ಅಳತೆಗೋಲು ಇರುವುದಿಲ್ಲ. ಹಳೆಯ ಫೈಲುಗಳನ್ನು ತೆಗೆದು, ಮುಗಿದ ವರ್ಷಕ್ಕೆ ಅದೇ ಕಂಪನಿ ಯಾವಾಗ ಏನು ಹೇಳಿತ್ತು ಎಂದು ಒಂದೇ ಸಾಲಿನಲ್ಲಿ ಜೋಡಿಸಿದೆ:

ಏಪ್ರಿಲ್ 2023: 4–7 → ಜುಲೈ: 1–3.5 → ಅಕ್ಟೋಬರ್: 1–2.5 → ಜನವರಿ 2024: 1.5–2 → ನಿಜವಾಗಿ ಆದದ್ದು: 1.4

ಜನವರಿಯಲ್ಲಿ ಒಂಬತ್ತು ತಿಂಗಳ ಲೆಕ್ಕ ಕೈಯಲ್ಲಿದ್ದಾಗ ಕೊಟ್ಟ ಪಟ್ಟಿಯ ಕೆಳ ಅಂಚಿಗೂ ಫಲಿತಾಂಶ ಮುಟ್ಟಲಿಲ್ಲ. ಇಲ್ಲೂ ನ್ಯಾಯವಾಗಿ ಲೆಕ್ಕ ಹಾಕಬೇಕು. ಒಂದು ತ್ರೈಮಾಸಿಕದ ಶೇ 1 ಎಂದರೆ ವರ್ಷದ ಲೆಕ್ಕದಲ್ಲಿ ಅದರ ಕಾಲು ಭಾಗ, ಸುಮಾರು 0.25. ಆ ಒಪ್ಪಂದದ ಬದಲಾವಣೆ ಆಗದೇ ಇದ್ದಿದ್ದರೆ 1.4ರ ಜಾಗದಲ್ಲಿ 1.65ರ ಹತ್ತಿರ ಬರುತ್ತಿತ್ತು, ಅಂದರೆ ಪಟ್ಟಿಯ ಒಳಗೇ. ಜನವರಿಯ ಪಟ್ಟಿ ತಪ್ಪಿದ್ದಕ್ಕೆ ಆ ಒಂದು ಒಪ್ಪಂದ ಸಾಕಷ್ಟು ವಿವರಣೆ. ಆದರೆ ಏಪ್ರಿಲ್‌ನ 4–7 ಕರಗಿಹೋದದ್ದಕ್ಕೆ ಅದು ವಿವರಣೆಯಲ್ಲ. ಈ ಎರಡು ವಾಕ್ಯಗಳನ್ನು ಸಾಲಿನ ಕೆಳಗೇ ಸೇರಿಸಿದೆ.

ದೊಡ್ಡ ಒಪ್ಪಂದಗಳ ಸಂಖ್ಯೆಯನ್ನು ಎಲ್ಲಿಡುವುದು ಎಂದು ಬಹಳ ಹೊತ್ತು ಯೋಚಿಸಿದೆ. ಆ ವರ್ಷ ಇನ್ಫೋಸಿಸ್ ಗೆದ್ದ ದೊಡ್ಡ ಒಪ್ಪಂದಗಳ ಒಟ್ಟು ಮೌಲ್ಯ 1,770 ಕೋಟಿ ಡಾಲರ್, ಅಲ್ಲಿಯವರೆಗೆ ಕಂಪನಿಯ ಅತಿ ದೊಡ್ಡ ಮೊತ್ತ. ಓದಿದವರಿಗೆ ಉತ್ಸಾಹ ಬರುವ ಸಂಖ್ಯೆ. ಆದರೆ ಅದು ಹಲವು ವರ್ಷಗಳಲ್ಲಿ ಹರಡಿಕೊಂಡು ಬರುವ ಹಣ, ಮತ್ತು ಅದರಲ್ಲಿ ಹೊಸ ಕೆಲಸ ಶೇ 52 ಮಾತ್ರ, ಉಳಿದದ್ದು ಇದ್ದ ಕೆಲಸದ ನವೀಕರಣ. ಆದ್ದರಿಂದ 'ಹೊಸದು ಶೇ 52' ಎಂಬ ಮಾತಿಲ್ಲದೆ ಆ ಸಂಖ್ಯೆಯನ್ನು ಬರೆಯಕೂಡದು ಎಂದು ತೀರ್ಮಾನಿಸಿ, ಗೈಡೆನ್ಸ್ ಸಾಲಿನ ಕೆಳಗೆ ಹಾಕಿದೆ.

ಕೊನೆಗೆ ರಾತ್ರಿ ಕಳಿಸಿದ ಪುಟದ ಮೇಲ್ಭಾಗ ಹೀಗಿತ್ತು:

"ಬೇಡಿಕೆ ಇನ್ನೂ ಚೇತರಿಸಿಲ್ಲ. ವರಮಾನ (₹37,923 ಕೋಟಿ) ಕಾನ್‌ಸ್ಟಂಟ್ ಕರೆನ್ಸಿಯಲ್ಲಿ ವರ್ಷದ ಹಿಂದೆ ಇದ್ದಷ್ಟೇ ಇದೆ, ಹಿಂದಿನ ತ್ರೈಮಾಸಿಕಕ್ಕಿಂತ ಶೇ 2.2 ಕಡಿಮೆ. ಮಾರ್ಜಿನ್ 21.0ರಿಂದ 20.1ಕ್ಕೆ. ಮುಂದಿನ ವರ್ಷದ ಮುನ್ನೋಟ ಶೇ 1–3. ನಿವ್ವಳ ಲಾಭದ ಶೇ 30 ಏರಿಕೆಗೆ ತೆರಿಗೆ ರೀಫಂಡ್ ಮುಖ್ಯ ಕಾರಣ, ವ್ಯವಹಾರವಲ್ಲ."

ಕೊನೆಯ ವಾಕ್ಯವನ್ನು ಮೇಲಕ್ಕೆ ತಂದದ್ದು ಬೇಕೆಂದೇ. ಮರುದಿನ ಬೆಳಿಗ್ಗೆ ಎಂಡಿ ಎಲ್ಲಿ ಹೋದರೂ ಶೇ 30ರ ಮಾತು ಕಿವಿಗೆ ಬೀಳುತ್ತದೆ. ಅದಕ್ಕೆ ಉತ್ತರ ಅವರ ಕೈಯಲ್ಲಿ ಮೊದಲೇ ಇರಬೇಕು.

ಆ ಗೈಡೆನ್ಸ್ ಸಾಲನ್ನು ಮುಂದಿನ ವರ್ಷವೂ ಮುಂದುವರಿಸಿದೆ. 2024–25ರಲ್ಲಿ ಪಟ್ಟಿ ಪ್ರತಿ ಸಲ ಮೇಲಕ್ಕೇ ಹೋಯಿತು: 1–3, 3–4, 3.75–4.5, ಜನವರಿಯಲ್ಲಿ 4.5–5. ಆದದ್ದು 4.2. ಒಂದು ವರ್ಷ ಇಳಿಯುತ್ತ ಬಂದ ಸಾಲು, ಇನ್ನೊಂದು ವರ್ಷ ಏರುತ್ತ ಬಂದ ಸಾಲು, ಎರಡರಲ್ಲೂ ಜನವರಿಯ ಕೆಳ ಅಂಚು ತಪ್ಪಿತ್ತು. 2025ರ ಏಪ್ರಿಲ್‌ನಲ್ಲಿ ಎರಡು ಸಾಲುಗಳನ್ನೂ ಒಂದರ ಕೆಳಗೊಂದು ಇಟ್ಟು ಕಳಿಸಿದೆ. ಸಿಎಫ್‌ಒ ಮೇಡಂ ಪ್ರಿಂಟ್ ತೆಗೆಸಿ, ಎರಡು ಜನವರಿಗಳ ಸುತ್ತ ಪೆನ್ಸಿಲ್‌ನಲ್ಲಿ ಗುಂಡು ಹಾಕಿ, "ನಾಲ್ಕನೇ ತ್ರೈಮಾಸಿಕಕ್ಕೆ ನಾವು ಬಜೆಟ್‌ನಲ್ಲಿ ಹಿಡಿದಿರುವ ತಲೆಗಳ ಸಂಖ್ಯೆ ಎಷ್ಟು, ಸ್ವಲ್ಪ ತೆಗೆದು ತನ್ನಿ" ಅಂದರು.