ಸ್ಲೈಡುಗಳನ್ನು ಕಂಪನಿಯ ಭಾಷೆಗೆ ತರುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಕಂಪನಿಯೊಂದಿದೆ ಎಂದುಕೊಳ್ಳಿ. ಡೀಲರುಗಳ ಸಭೆಗೆಂದು ಮಾರಾಟ ವಿಭಾಗದವರು ಮಾಡಿದ್ದ ಸ್ಲೈಡುಗಳು ಈಗ ನೀರು ಸರಬರಾಜು ಗುತ್ತಿಗೆದಾರರೊಬ್ಬರ ಖರೀದಿ ವಿಭಾಗಕ್ಕೆ ಹೋಗಬೇಕಾಗಿವೆ. ‘ಕಂಪನಿಯ ಭಾಷಾ ನಿಯಮಕ್ಕೆ ತಕ್ಕಂತೆ ತಿದ್ದಿ ಕಳುಹಿಸಿ’ ಎಂದು ವ್ಯವಸ್ಥಾಪಕರು ನಿಮಗೆ ಒಪ್ಪಿಸಿದ್ದಾರೆ.

ಮೊದಲು ನಿಯಮಗಳನ್ನು ಅರ್ಧ ಪುಟಕ್ಕೆ ಇಳಿಸಿಕೊಳ್ಳಿ. ಕಂಪನಿಯ ಹೆಸರನ್ನು ಪೂರ್ತಿ ಬರೆಯಬೇಕೇ, ‘ನಾವು’ ಎನ್ನಬಹುದೇ, ಅಂಕಿ ಮತ್ತು ದಿನಾಂಕಗಳ ರೂಪ ಯಾವುದು, ಯಾವ ಪದಗಳು ನಿಷಿದ್ಧ ಎಂಬಷ್ಟು ಸಾಕು. ನಿಯಮ ಪುಸ್ತಕ ಮೌನವಾಗಿರುವ ಕಡೆ, ಈ ಹಿಂದೆ ಒಪ್ಪಿಗೆ ಪಡೆದ ದಾಖಲೆಯನ್ನು ನೋಡಿ ಅನುಸರಿಸಿ.

ಮೂಲ ಕಡತದ ಒಂದು ಪ್ರತಿಯನ್ನು ತೆಗೆದಿಟ್ಟು, ಪಠ್ಯವನ್ನೆಲ್ಲ ವರ್ಡ್ ಕಡತದ ಕೋಷ್ಟಕಕ್ಕೆ ತನ್ನಿ. ಒಂದು ಕಾಲಂನಲ್ಲಿ ಹಳೆಯ ವಾಕ್ಯ, ಪಕ್ಕದಲ್ಲಿ ಹೊಸದು, ಮೂರನೆಯದರಲ್ಲಿ ನಿಮ್ಮ ಅನುಮಾನ. ಪವರ್‌ಪಾಯಿಂಟ್‌ನ Outline View ಒಂದನ್ನೇ ನಂಬಬೇಡಿ. ಅದರಲ್ಲಿ ಶೀರ್ಷಿಕೆ ಮತ್ತು ಮುಖ್ಯ ಪಠ್ಯದ ಚೌಕಟ್ಟಿನಲ್ಲಿರುವುದು ಮಾತ್ರ ಕಾಣುತ್ತದೆ. ಪ್ರತ್ಯೇಕ ಪಠ್ಯಪೆಟ್ಟಿಗೆ, ಚಾರ್ಟು, ಚಿತ್ರಗಳೊಳಗಿನ ಬರಹ ಕಾಣುವುದಿಲ್ಲ.

ಇನ್ನು ಬರವಣಿಗೆ. ಸೇವೆಯ ಬಗೆಗಿನ ಸ್ಲೈಡಿನಲ್ಲಿ ಹೀಗಿದೆ: ‘ದೂರು ಬಂದರೆ ಎರಡೇ ದಿನ, ನಮ್ಮ ಹುಡುಗರು ನಿಮ್ಮ ಬಾಗಿಲಲ್ಲಿ!’ ಇದನ್ನು ತಿದ್ದಲು ಕುಳಿತ ಹೆಚ್ಚಿನವರ ಕೈ ಬರೆಯುವುದು ಹೀಗೆ: ‘ಸದರಿ ದೂರುಗಳನ್ನು ಎರಡು ದಿನಗಳಲ್ಲಿ ಪರಿಹರಿಸಲಾಗುವುದು.’ ಕೇಳಲು ಗಂಭೀರವಾಗಿದೆ, ಆದರೆ ಎರಡು ತಪ್ಪುಗಳಿವೆ. ಮೂಲದಲ್ಲಿದ್ದದ್ದು ಬರುವ ಭರವಸೆ, ದುರಸ್ತಿಯದಲ್ಲ. ಬಿಡಿಭಾಗ ಸಿಗದೆ ದುರಸ್ತಿಗೆ ವಾರ ಹಿಡಿದರೆ ಗುತ್ತಿಗೆದಾರರು ಇದೇ ಸ್ಲೈಡನ್ನು ಮುಂದಿಟ್ಟು ಪ್ರಶ್ನಿಸುತ್ತಾರೆ. ಎರಡನೆಯದಾಗಿ, ‘ಪರಿಹರಿಸಲಾಗುವುದು’ ಎಂದಾಗ ಪರಿಹರಿಸುವವರು ಯಾರೆಂಬುದೇ ಮಾಯವಾಯಿತು. ‘ಸದರಿ’ಯಂತೂ ತಹಶೀಲ್ದಾರರ ಕಚೇರಿಯ ಪತ್ರಕ್ಕೆ ಒಪ್ಪುವ ಮಾತು. ಔಪಚಾರಿಕತೆ ಎಂದರೆ ಸುತ್ತೋಲೆಯ ಭಾಷೆ ಎಂಬ ಭ್ರಮೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ.

ನಾನಾದರೆ ಹೀಗೆ ಬರೆಯುತ್ತೇನೆ: ‘ದೂರು ದಾಖಲಾದ ಎರಡು ದಿನಗಳೊಳಗೆ ಕಂಪನಿಯ ಸೇವಾ ತಂತ್ರಜ್ಞರು ಸ್ಥಳಕ್ಕೆ ಬರುತ್ತಾರೆ.’ ಭಾನುವಾರವೂ ಲೆಕ್ಕಕ್ಕೆ ಬರುತ್ತದೆಯೇ? ಅದು ಮೂಲದಲ್ಲಿಲ್ಲ. ಹಾಗಾಗಿ ‘ಕೆಲಸದ ದಿನ’ ಎಂದು ನೀವೇ ಸೇರಿಸದೆ, ಮೂರನೆಯ ಕಾಲಂನಲ್ಲಿ ಪ್ರಶ್ನೆ ಬರೆದು ಸೇವಾ ವಿಭಾಗವನ್ನು ಕೇಳಿ. ‘ನಮ್ಮ ವಾಲ್ವ್‌ಗೆ ಸಾಟಿಯೇ ಇಲ್ಲ’ ಎಂಬಂಥ ಸಾಲನ್ನೂ ‘ಅತ್ಯುತ್ಕೃಷ್ಟ’ ಎಂದು ಅಲಂಕರಿಸಿ ಪ್ರಯೋಜನವಿಲ್ಲ. ಪರೀಕ್ಷಾ ವರದಿ ಇದ್ದರೆ ಅದರ ಫಲಿತಾಂಶ ಬರೆಯಿರಿ, ಇಲ್ಲದಿದ್ದರೆ ಸಾಲನ್ನೇ ತೆಗೆಯಿರಿ.

ಸಾಮೂಹಿಕ ಬದಲಾವಣೆಗೆ Ctrl+H ಒತ್ತುವವರು ಕನ್ನಡದ ಕ್ರಿಯಾಪದವನ್ನು ನೆನಪಿಡಬೇಕು. ‘ನಾವು’ ಇದ್ದ ಕಡೆಯೆಲ್ಲ ‘ಕಂಪನಿ’ ಎಂದು ಬದಲಿಸಿದರೆ ‘ಕಂಪನಿ ಒದಗಿಸುತ್ತೇವೆ’ ಎಂಬ ವಾಕ್ಯ ಉಳಿಯುತ್ತದೆ. ಆದ್ದರಿಂದ Replace All ಬಿಟ್ಟು, ಒಂದೊಂದನ್ನೇ ನೋಡಿ ಬದಲಿಸಿ. ಅಂಕಿ, ಕಂಪನಿಯ ಹೆಸರುಗಳಂಥವಕ್ಕೆ ಈ ಸೌಲಭ್ಯ ಚೆನ್ನ.

ಇನ್ನೊಂದು ತೊಡಕು ನಮ್ಮ ಕಚೇರಿಗಳದ್ದೇ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಾದ ಸ್ಲೈಡು ತೆರೆಯಲ್ಲಿ ಕನ್ನಡವಾಗಿಯೇ ಕಾಣುತ್ತದೆ, ಆದರೆ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಕಂಪನಿಯ ಫಾಂಟ್ ಹಾಕಿದೊಡನೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲಾಗುತ್ತದೆ. ಅಂಥ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ತಿದ್ದಲು ಕೂರಿ.

ಔಪಚಾರಿಕ ವಾಕ್ಯ ಸಾಮಾನ್ಯವಾಗಿ ಉದ್ದವಾಗುತ್ತದೆ. ಸ್ಲೈಡಿಗೆ ಮರಳಿ ಅಂಟಿಸಿದಾಗ ಪವರ್‌ಪಾಯಿಂಟ್ ಸದ್ದಿಲ್ಲದೆ ಅಕ್ಷರಗಳನ್ನು ಕುಗ್ಗಿಸುವುದುಂಟು. ಪಕ್ಕಪಕ್ಕದ ಸ್ಲೈಡುಗಳ ಅಕ್ಷರ ಗಾತ್ರ ಹೋಲಿಸಿದರೆ ಇದು ಗೊತ್ತಾಗುತ್ತದೆ. ಹಾಗಾಗಿದ್ದರೆ ಒಂದು ಸ್ಲೈಡನ್ನು ಎರಡಾಗಿ ಒಡೆಯಿರಿ. ಸಾಲುಗಳ ಅಂತರವನ್ನು ಬಿಗಿಗೊಳಿಸಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಅನುಮಾನದ ಕಾಲಂ ಖಾಲಿಯಾದ ಮೇಲೆ, ಸ್ಲೈಡಿನ ಕೆಳಗಿರುವ ಭಾಷಣಕಾರರ ಟಿಪ್ಪಣಿಗಳನ್ನು ತೆರೆದು ನೋಡಿ. ‘ಜಗ್ಗಾಡಿದರೆ ಬೆಲೆ ಇನ್ನೂ ಇಳಿಸಬಹುದು’ ಎಂಬಂಥ ಸಾಲು ಅಲ್ಲಿಯೇ ಕುಳಿತಿರುತ್ತದೆ, ಕಡತದ ಜತೆಗೇ ಖರೀದಿದಾರರನ್ನು ಸೇರುತ್ತದೆ. File, Info, Check for Issues, Inspect Document ಎಂಬ ದಾರಿಯಲ್ಲಿ ಹೋಗಿ ಟಿಪ್ಪಣಿ ಮತ್ತು ಕಾಮೆಂಟುಗಳನ್ನು ಅಳಿಸಬಹುದು. ಅಳಿಸಿದ್ದನ್ನು ಮರಳಿ ತರಲಾಗದೇ ಇರಬಹುದು, ಆದ್ದರಿಂದ ಈ ಕೆಲಸವನ್ನು ಹೊರಗೆ ಕಳುಹಿಸುವ ಪ್ರತಿಯಲ್ಲಿ ಮಾತ್ರ ಮಾಡಿ.