ಗಸಗಸೆ ಪಾಯಸ ಕುಡಿದು ನಾನೇ ಪಾಸಿಟಿವ್ ಆದೆ

ನಾನು ಲ್ಯಾಬ್ ಟೆಕ್ನೀಷಿಯನ್. ಯುಗಾದಿಯ ಮಾರನೇ ದಿನ ಪಕ್ಕದ ಮನೆಯವರು ಒಂದು ಯೂರಿನ್ ಸ್ಟ್ರಿಪ್ ಹಿಡಿದು ಬಂದರು. ಮುಖ ಕಳೆಗುಂದಿತ್ತು. ಕಾಲೇಜಿಗೆ ಹೋಗುವ ಮಗನ ಮೇಲೆ ಅನುಮಾನ ಬಂದು ಆನ್‌ಲೈನಲ್ಲಿ ಡ್ರಗ್ಸ್ ಪರೀಕ್ಷೆಯ ಕಿಟ್ ತರಿಸಿದ್ದರಂತೆ.

"ಅಫೀಮು ಅಂತ ತೋರಿಸ್ತಿದೆ, ನೋಡಿ ಸಾರ್."

"ನಿನ್ನೆ ಊಟ ಏನಿತ್ತು?"

"ಹಬ್ಬ ಅಲ್ವಾ, ಒಬ್ಬಟ್ಟು, ಗಸಗಸೆ ಪಾಯಸ."

ಗಸಗಸೆ ಅಫೀಮಿನ ಗಿಡದ್ದೇ ಬೀಜ. ಕಾಯಿಯ ಹಾಲು ತಾಗಿ ಅದರ ಮೇಲೆ ಚೂರು ಮಾರ್ಫಿನ್ ಉಳಿದಿರುತ್ತದೆ. ಅಫೀಮಿನ ಸ್ಟ್ರಿಪ್ ಹುಡುಕುವುದೂ ಈ ಮಾರ್ಫಿನ್ನನ್ನೇ. ಎಷ್ಟು ಅನ್ನುವುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ, ತೊಳೆದರೆ ಕಡಿಮೆಯಾಗುತ್ತದೆ. ಬಾಯಲ್ಲಿ ಹೇಳಿದರೆ ಅವರು ನಂಬಲಿಲ್ಲ. ಸರಿ, ನನ್ನ ಮೇಲೇ ನೋಡೋಣ ಅಂತ ಎರಡು ಬಗೆಯ ಸ್ಟ್ರಿಪ್ ತಂದೆ. ಒಂದರ ಕಟಾಫ್ ಮಿಲಿಲೀಟರ್‌ಗೆ 300 ನ್ಯಾನೋಗ್ರಾಂ, ಇನ್ನೊಂದರದ್ದು 2000.

ಈ ಸ್ಟ್ರಿಪ್ ಓದುವುದು ಪ್ರೆಗ್ನೆನ್ಸಿ ಕಿಟ್‌ಗೆ ತಿರುಗುಮುರುಗು. ಟಿ, ಅಂದರೆ ಟೆಸ್ಟ್ ಗೆರೆ ಬಂದರೆ ನೆಗೆಟಿವ್, ಬಾರದಿದ್ದರೆ ಪಾಸಿಟಿವ್. ಗೆರೆ ಎಷ್ಟೇ ಮಸುಕಾಗಿದ್ದರೂ ನೆಗೆಟಿವ್ವೇ. ಸಿ ಗೆರೆಯೇ ಬಾರದಿದ್ದರೆ ಸ್ಟ್ರಿಪ್ ಕೆಟ್ಟಿದೆ, ಬಿಸಾಡಿ.

ಪಾಯಸಕ್ಕೆ ಮೊದಲು ಎರಡರಲ್ಲೂ ಟಿ ಗೆರೆ ಇತ್ತು. ಎರಡು ಲೋಟ ಕುಡಿದು ನಾಲ್ಕು ಗಂಟೆ ಬಿಟ್ಟು ನೋಡಿದೆ. 300ರ ಸ್ಟ್ರಿಪ್‌ನಲ್ಲಿ ಟಿ ಗೆರೆ ಮಾಯ! 2000ದ್ದರಲ್ಲಿ ಮಸುಕಾಗಿ ಇತ್ತು. ಒಂದೇ ಮೂತ್ರ, ಎರಡು ಉತ್ತರ. ಕಟಾಫ್ ಅಂದರೆ ಇಷ್ಟೇ, ಎಲ್ಲಿಂದ ಮೇಲೆ "ಇದೆ" ಅನ್ನಬೇಕು ಅಂತ ಜನ ಎಳೆದ ಗೆರೆ. ಇಂಥ ತಿನಿಸಿನ ಗಲಾಟೆಗೇ ಅಮೆರಿಕದ ಸರ್ಕಾರಿ ನೌಕರರ ಪರೀಕ್ಷೆಯಲ್ಲಿ 1998ರಲ್ಲಿ 300 ಇದ್ದದ್ದನ್ನು 2000ಕ್ಕೆ ಏರಿಸಿದರು. ಹಾಗಂತ ಜಾಸ್ತಿ ಗಸಗಸೆ ತಿಂದರೆ 2000 ದಾಟುವುದೂ ಉಂಟು.

ಪಾಯಸದ್ದು ಕ್ರಾಸ್ ರಿಯಾಕ್ಷನ್ ಅಲ್ಲ. ಸ್ಟ್ರಿಪ್ ಸುಳ್ಳು ಹೇಳಲಿಲ್ಲ, ಮಾರ್ಫಿನ್ ನಿಜವಾಗಿಯೂ ಇತ್ತು. ಲೆವೊಫ್ಲಾಕ್ಸಾಸಿನ್ ಕಥೆ ಬೇರೆ. ಅದು ಸೋಂಕಿಗೆ ಕೊಡುವ ಆಂಟಿಬಯೋಟಿಕ್, ಮಾರ್ಫಿನ್ ಅದರಲ್ಲಿ ಇಲ್ಲವೇ ಇಲ್ಲ. ಆದರೂ ಮಾರ್ಫಿನ್ ಹಿಡಿಯಲೆಂದು ಕೆಲವು ಕಿಟ್‌ಗಳಲ್ಲಿ ಇಟ್ಟಿರುವ ಆಂಟಿಬಾಡಿ ಅದನ್ನು ಮಾರ್ಫಿನ್ ಅಂತಲೇ ಹಿಡಿದುಬಿಡುತ್ತದೆ. ಅದು ಕ್ರಾಸ್ ರಿಯಾಕ್ಷನ್. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬ್‌ಗೆ ಕಳಿಸಿದರೆ ಈ ಮೋಸ ಬಯಲಾಗುತ್ತದೆ. ಪಾಯಸದ ಮಾರ್ಫಿನ್ ಮಾತ್ರ ಅಲ್ಲೂ ಮಾರ್ಫಿನ್ನೇ. ಹೆರಾಯಿನ್ ಆಗಿದ್ದರೆ 6-ಅಸಿಟೈಲ್‌ಮಾರ್ಫಿನ್ ಸಿಗಬೇಕು, ಅದು ಗಸಗಸೆಯಿಂದ ಬರುವುದಿಲ್ಲ. ಆದರೆ ಆ 6-ಅಸಿಟೈಲ್‌ಮಾರ್ಫಿನ್ ಒಂದು ದಿನದೊಳಗೆ ಮೂತ್ರದಿಂದ ಹೋಗಿಬಿಡುತ್ತದೆ, ಹಾಗಾಗಿ ಸಿಗದಿದ್ದರೆ ಹೆರಾಯಿನ್ ಅಲ್ಲವೇ ಅಲ್ಲ ಅನ್ನುವಂತಿಲ್ಲ.

ಗಸಗಸೆ ಮುಟ್ಟಿಸದೆ ಒಂದು ವಾರ ಬಿಟ್ಟು ಮತ್ತೆ ಮಾಡಿ ಅಂದೆ. ಮಾಡಿದರು, ಟಿ ಗೆರೆ ಬಂತು. ಖುಷಿಯಿಂದ ಫೋನ್ ಮಾಡಿದಾಗ ಸುಮ್ನೆ ಕೇಳಿದೆ, ಮೊದಲು ಅನುಮಾನ ಬಂದಿದ್ದಾದರೂ ಯಾಕೆ ಅಂತ.

"ಅವನ ಬ್ಯಾಗಲ್ಲಿ ಟ್ರಮಡಾಲ್ ಮಾತ್ರೆ ಸಿಕ್ಕಿತ್ತು."

ಟ್ರಮಡಾಲ್ ಅಂದರೆ ಅಫೀಮಿನ ಹಾಗೇ ಚಟ ಹಿಡಿಸಬಲ್ಲ ನೋವಿನ ಮಾತ್ರೆ. ಅದನ್ನು ಈ ಅಫೀಮಿನ ಸ್ಟ್ರಿಪ್ ಹಿಡಿಯುವುದೇ ಇಲ್ಲ. ಅದಕ್ಕೆ ಬೇರೆ ಸ್ಟ್ರಿಪ್ ಇದೆ.