ಮಳೆಗಾಲದ ಬಾಣಂತಿ ಕೋಣೆಯಲ್ಲಿ ಕೂಸನ್ನು ಮಲಗಿಸುವ ಬಗೆ: ನನ್ನ ಅನುಭವ

ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಹೆರಿಗೆಯಾದರೆ ಮನೆಯವರಿಗೆಲ್ಲ ಥಂಡಿಯದೇ ಚಿಂತೆ. ಬಟ್ಟೆ ಒಣಗುವುದಿಲ್ಲ, ಹಾಸಿಗೆ ಮುಟ್ಟಿದರೆ ತಣ್ಣಗೆ. ಹಾಗಾಗಿ ದಿನ ಕಳೆದಂತೆ ಕೂಸಿನ ಸುತ್ತ ಬಟ್ಟೆ ಹೆಚ್ಚುತ್ತಾ ಹೋಗುತ್ತದೆ. ನರ್ಸ್ ಕೆಲಸದಲ್ಲಿ ಬಾಣಂತಿ ಮನೆಗಳಿಗೆ ಹೋದಾಗ ನಾನು ಮೊದಲು ನೋಡುವುದು ಮಗು ಮಲಗುವ ಜಾಗವನ್ನು. ತೂಕ ನೋಡುವುದು ಆಮೇಲೆ.

ಒಂದು ಮನೆಯ ವ್ಯವಸ್ಥೆ ಹೀಗಿತ್ತು. ತಿಂಗಳು ತುಂಬಿ ಹುಟ್ಟಿದ 12 ದಿನದ ಮಗು, ಆರೋಗ್ಯವಾಗಿತ್ತು. ತೊಲೆಗೆ ಕಟ್ಟಿದ ಸೀರೆಯ ಜೋಲಿ, ಒಳಗೆ ಮಡಚಿದ ಕಂಬಳಿ, ತಲೆಯಡಿ ರಾಗಿ ದಿಂಬು. ಮಗುವನ್ನು ಮಗ್ಗುಲಾಗಿ ಮಲಗಿಸಿ, ಉರುಳದಂತೆ ಬೆನ್ನಿಗೆ ಬಟ್ಟೆ ಸುರುಳಿ ಕೊಟ್ಟಿದ್ದರು. ತಲೆಗೆ ಉಣ್ಣೆ ಕುಲಾವಿ, ಗಲ್ಲದವರೆಗೆ ಶಾಲು. ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಂದೊಂದೂ ಉಸಿರಿನ ದಾರಿಗೆ ಅಡ್ಡ ಬರುವಂಥದ್ದು.

ಜೋಲಿಯ ತೊಂದರೆ ಬಗ್ಗಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಬಟ್ಟೆ ನಡುವೆ ಜಗ್ಗಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಕೂಸಿನ ತಲೆ ಭಾರ, ಕತ್ತಿಗೆ ಬಲವಿಲ್ಲ. ಗಲ್ಲ ಎದೆಗೆ ಒತ್ತಿಕೊಳ್ಳುತ್ತದೆ. ಎಳೆ ಮಗುವಿನ ಉಸಿರ್ನಳಿಗೆ ತೀರಾ ಸಣ್ಣದು, ಮೆತ್ತಗಿನದು. ಕತ್ತು ಹಾಗೆ ಮಡಚಿದರೆ ಅದು ಕಿರಿದಾಗುತ್ತದೆ. ಮಗು ಅಳುವುದಿಲ್ಲ, ಒದ್ದಾಡುವುದಿಲ್ಲ, ಸುಮ್ಮನೆ ನಿದ್ದೆಯಲ್ಲಿದ್ದಂತೆ ಕಾಣುತ್ತದೆ. ದಿಂಬು ಇಟ್ಟರೂ ಕತ್ತು ಹೀಗೆಯೇ ಮುಂದಕ್ಕೆ ಬಾಗುತ್ತದೆ. ಪಕ್ಕದ ಬಟ್ಟೆಗೆ ಮೂಗು ತಾಗಿಬಿಟ್ಟರೆ, ಬಿಟ್ಟ ಉಸಿರನ್ನೇ ಮಗು ಮತ್ತೆ ಎಳೆದುಕೊಳ್ಳುತ್ತದೆ.

ಆ ಮನೆಯ ಅಟ್ಟದಲ್ಲಿ ಹಳೆಯ ಮರದ ತೊಟ್ಟಿಲಿತ್ತು. ಅದನ್ನು ಇಳಿಸಿ ತೊಳೆದು ಒಣಗಿಸಿದೆವು. ತಳ ಹಲಗೆಯದು, ಮಟ್ಟಸವಾಗಿತ್ತು. ಪಕ್ಕದ ಕಡ್ಡಿಗಳ ನಡುವಿನ ಸಂದು ಅಳೆದೆವು. ಅದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಹೆಚ್ಚಿದ್ದರೆ ಮಗುವಿನ ಮೈ ಸಂದಿನಲ್ಲಿ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಮಗು ನಿದ್ದೆ ಹೋದ ಮೇಲೆ ತೊಟ್ಟಿಲು ತೂಗುತ್ತಿರಬಾರದು, ಒಂದು ಕಡೆಗೆ ವಾಲಿಯೂ ಇರಬಾರದು. ಅದಕ್ಕೆ ಕಾಲುಗಳಡಿ ಮರದ ಬೆಣೆ ಕೊಟ್ಟು ನಿಲ್ಲಿಸಿದೆವು.

ಹಾಸಿಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ಮಗುವಿಗೆ ಹಿತ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಂಗೈ ಊರಿ ಒತ್ತಿ ತೆಗೆದು ನೋಡಿ. ಕೈಯ ಗುರುತು ಹಾಗೇ ಉಳಿದರೆ ಆ ಹಾಸಿಗೆ ಬೇಡ, ಮಗುವಿನ ಮುಖ ಹೂತು ಹೋಗುವುದೂ ಅಷ್ಟೇ ಸುಲಭ. ಆ ಮನೆಯಲ್ಲಿ ಬಿಗಿಯಾಗಿ ಹೊಲಿದ ತೆಳು ಹಾಸಿಗೆಯೊಂದನ್ನು ತೊಟ್ಟಿಲಿನ ಒಳ ಅಳತೆಗೆ ಕತ್ತರಿಸಿ ಅಂಚು ಹೊಲಿಸಿದರು. ಸುತ್ತ ಎಲ್ಲಿಯೂ ಎರಡು ಬೆರಳಿಗಿಂತ ಹೆಚ್ಚು ಸಂದು ಇಲ್ಲ. ಮಗು ಉಚ್ಚೆ ಹೊಯ್ಯುತ್ತದೆಂದು ಹಾಸುವ ರಬ್ಬರ್ ಶೀಟನ್ನು ಬಟ್ಟೆಯ ಕೆಳಗೆ ಹಾಕಿ, ಹಾಸಿಗೆ ಅಡಿಗೆ ಎಳೆದು ಸಿಕ್ಕಿಸಿದೆವು. ತೆಳು ಪ್ಲಾಸ್ಟಿಕ್ ಚೀಲವನ್ನು ಹರಿದು ಹಾಸಲೇಬಾರದು, ಅದು ಮುಖಕ್ಕೆ ಅಂಟಿಕೊಳ್ಳುತ್ತದೆ. ಮೇಲಿನ ಹತ್ತಿ ಬಟ್ಟೆಯ ನಾಲ್ಕೂ ಮೂಲೆಗೆ ಲಾಡಿ ಹೊಲಿದು ಹಾಸಿಗೆಯ ಕೆಳಗೆ ಕಟ್ಟಿದರೆ ರಾತ್ರಿಯಿಡೀ ಸುಕ್ಕುಗಟ್ಟುವುದಿಲ್ಲ.

ಇಷ್ಟಾದ ಮೇಲೆ ತೊಟ್ಟಿಲಿನಲ್ಲಿ ಮಗುವಿನ ಹೊರತು ಏನೂ ಇಲ್ಲ. ದಿಂಬು, ಸುರುಳಿ, ಗೊಂಬೆ, ಒಣಗಿದ ಬಟ್ಟೆಯ ರಾಶಿ ಎಲ್ಲ ಹೊರಗೆ. ಕತ್ತಿನ ಕರಿಮಣಿ ಸರ, ದೃಷ್ಟಿ ದಾರವನ್ನೂ ಮಲಗಿಸುವಾಗ ಬಿಚ್ಚಿಡಲು ಹೇಳಿದೆ. ದೃಷ್ಟಿ ಬೊಟ್ಟು ಇರಲಿ, ಅದರಿಂದ ತೊಂದರೆಯಿಲ್ಲ.

ಇನ್ನು ಅಂಗಾತ ಮಲಗಿಸುವ ಮಾತು. ಅಜ್ಜಿ ಕೇಳಿದರು: "ಅಂಗಾತ ಮಲಗಿಸಿದ್ರೆ ಹಾಲು ಕಕ್ಕಿ ನೆತ್ತಿಗೆ ಹತ್ತಲ್ವೇನಮ್ಮಾ?" ಪ್ರತಿ ಮನೆಯಲ್ಲೂ ಬರುವ ಪ್ರಶ್ನೆ ಇದು, ಕೇಳಬೇಕಾದ್ದೇ. ಕತ್ತಿನಲ್ಲಿ ಉಸಿರ್ನಳಿಗೆ ಮುಂದೆ ಇದೆ, ಅನ್ನನಾಳ ಅದರ ಹಿಂದೆ. ಅಂಗಾತ ಮಲಗಿದಾಗ ಉಸಿರ್ನಳಿಗೆ ಮೇಲೆ ಬರುತ್ತದೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಮೇಲಿನ ಕೊಳವೆಗೆ ಹೋಗಬೇಕಾದರೆ ಏರಬೇಕು. ಬೋರಲಾಗಿದ್ದರೆ ಉಲ್ಟಾ, ಉಸಿರ್ನಳಿಗೆಯೇ ಕೆಳಗಿರುತ್ತದೆ. ಆರೋಗ್ಯವಂತ ಮಗು ಕಕ್ಕಿದ್ದನ್ನು ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಎರಡು ಬಳೆ ಒಂದರ ಮೇಲೊಂದು ಹಿಡಿದು ತೋರಿಸಿದಾಗ ಅಜ್ಜಿಗೆ ಅರ್ಥವಾಯಿತು. ಹಾಲು ಕುಡಿಸಿದ ಮೇಲೆ ಭುಜಕ್ಕೆ ಹಾಕಿ ತೇಗು ಬರಿಸಿಯೇ ಮಲಗಿಸಿ, ಆ ರೂಢಿ ಒಳ್ಳೆಯದು. ಮಗ್ಗುಲಾಗಿ ಮಲಗಿಸಿದ ಮಗು ಸುಲಭವಾಗಿ ಬೋರಲು ಬೀಳುತ್ತದೆ, ಆದ್ದರಿಂದ ಅದೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲಿನ ವರ್ಷಗಳಲ್ಲಿ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಹಗಲ ನಿದ್ದೆಗೂ ರಾತ್ರಿಗೂ, ಒಂದು ವರ್ಷ ತುಂಬುವ ತನಕ ಇದೇ ಕ್ರಮ.

ತಲೆ ಚಪ್ಪಟೆಯಾಗುತ್ತದೆ ಎಂಬ ಭಯಕ್ಕೆ ರಾಗಿ ದಿಂಬು ಪರಿಹಾರವಲ್ಲ. ಒಂದು ದಿನ ತಲೆ ಕಿಟಕಿಯ ಕಡೆ, ಮರುದಿನ ಬಾಗಿಲ ಕಡೆ ಬರುವಂತೆ ಮಲಗಿಸಿ. ಎಚ್ಚರವಿದ್ದಾಗ, ಕಣ್ಣೆದುರೇ, ದಿನಕ್ಕೆ ಎರಡು ಮೂರು ಸಲ 3ರಿಂದ 5 ನಿಮಿಷ ಬೋರಲು ಹಾಕಿ.

ಹಾಗಾದರೆ ಚಳಿಗೇನು? ಬೆಚ್ಚಗೆ ಇಡುವುದು ಮೈಗೆ ಹಾಕಿದ ಬಟ್ಟೆಯೇ ಹೊರತು ಮೇಲೆ ಹೊದೆಸಿದ್ದಲ್ಲ. ಹೊದಿಕೆಯನ್ನು ಮಗು ಕಾಲಿನಲ್ಲಿ ಒದ್ದು ಮುಖದ ಮೇಲೆ ತಂದುಕೊಳ್ಳುತ್ತದೆ. ಹತ್ತಿಯ ಜಬಲ, ಅದರ ಮೇಲೆ ತುಂಬುತೋಳಿನ ಅಂಗಿ, ಕಾಲುಚೀಲ, ಅದರ ಮೇಲೆ ಫ್ಲಾನೆಲ್ ಬಟ್ಟೆಯಲ್ಲಿ ಹೊಲಿದ ತೋಳಿಲ್ಲದ ಚೀಲದಂಗಿ. ಅದರ ಉದ್ದ ಭುಜದಿಂದ ಪಾದದವರೆಗೆ ಮತ್ತು ಇನ್ನೊಂದು ಗೇಣಿನ ಅರ್ಧದಷ್ಟು, ಮಗು ಮೊಣಕಾಲು ಮಡಚಿ ಆಡಿಸುವಂತಿರಬೇಕು. ಕತ್ತು ಮತ್ತು ತೋಳಿನ ತೂತು ಸಡಿಲವಿದ್ದರೆ ಮಗು ಒಳಗೆ ಜಾರುತ್ತದೆ, ಹಾಗಾಗಿ ಟೈಲರಿಗೆ ಮಗುವಿನ ಅಳತೆಯನ್ನೇ ಕೊಡಿ, "ಬೆಳೆಯೋ ಮಗು" ಎಂದು ದೊಡ್ಡದು ಹೊಲಿಸಬೇಡಿ. ನಾವು ತೊಟ್ಟಿದ್ದಕ್ಕಿಂತ ಮಗುವಿಗೆ ಒಂದು ಪದರ ಹೆಚ್ಚಿದ್ದರೆ ಸಾಕು. ಮಗು ತಲೆಯಿಂದಲೇ ಹೆಚ್ಚಿನ ಸೆಕೆ ಹೊರಹಾಕುತ್ತದೆ, ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಿರಿ. ತಿಂಗಳು ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಾದರೆ ಬಟ್ಟೆ, ಕುಲಾವಿಯ ವಿಷಯದಲ್ಲಿ ಡಾಕ್ಟರು ಹೇಳಿದಂತೆ ಮಾಡಿ.

ಕೈಕಾಲು ತಣ್ಣಗಿದೆ ಎಂದು ಬಟ್ಟೆ ಹೇರಬೇಡಿ, ಎಳೆ ಮಕ್ಕಳಿಗೆ ಅದು ಸಹಜ. ಕತ್ತಿನ ಹಿಂದೆ ಇಲ್ಲವೇ ಎದೆಗೆ ಕೈಯಿಟ್ಟು ನೋಡಿ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಆ ಮನೆಯಲ್ಲಿ ಶಾಲು ಸರಿಸಿ ಕತ್ತಿಗೆ ಕೈಯಿಟ್ಟಾಗ ಕೂದಲೇ ಒದ್ದೆಯಾಗಿತ್ತು, ಕೋಣೆಯಲ್ಲಿ ನಮಗೆಲ್ಲ ಚಳಿ.

ಕೋಣೆ ಕಾಯಿಸಲೆಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಬಾಗಿಲು ಹಾಕುವುದು ಇವೆಲ್ಲಕ್ಕಿಂತ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆ ಕಾಣಲೂಬೇಕಿಲ್ಲ. ತಾಯಿಗೂ ಮಗುವಿಗೂ ಎಚ್ಚರವಾಗದೆಯೇ ಹೋಗಬಹುದು. ಬಟ್ಟೆ ಒಣಗಿಸುವ ಕೆಂಡ ಬಚ್ಚಲ ಕಡೆಯೇ ಇರಲಿ.

ತೊಟ್ಟಿಲನ್ನು ಬಾಣಂತಿಯ ಮಂಚದ ಪಕ್ಕ, ಕೈಗೆಟುಕುವಷ್ಟು ಹತ್ತಿರ ಇಟ್ಟೆವು. ಕನಿಷ್ಠ ಆರು ತಿಂಗಳು ಒಂದೇ ಕೋಣೆ, ಬೇರೆ ಹಾಸಿಗೆ. ಸೊಳ್ಳೆಪರದೆಯನ್ನು ಬಿಗಿಯಾಗಿ ಕಟ್ಟಬೇಕು, ಮಗುವಿನ ಮುಖದ ಹತ್ತಿರ ಜೋತು ಬೀಳಬಾರದು. ನಡುರಾತ್ರಿ ಹಾಲೂಡಿಸುವಾಗ ತಾಯಿಗೆ ತೂಕಡಿಕೆ ಬರುವಂತಿದ್ದರೆ ಸೋಫಾ, ಆರಾಮ ಕುರ್ಚಿಯಲ್ಲಿ ಕೂರಲೇಬಾರದು, ಮಗು ಸಂದಿಗೆ ಜಾರಿ ಮುಖ ಒತ್ತಿಹೋಗುತ್ತದೆ. ದಿಂಬು, ಕಂಬಳಿ ದೂರ ಸರಿಸಿದ ಮಂಚವೇ ವಾಸಿ. ಎಚ್ಚರವಾದ ಕೂಡಲೇ ಮಗುವನ್ನು ತೊಟ್ಟಿಲಿಗೆ, ಅಂಗಾತ.

ಬಟ್ಟೆಯಲ್ಲಿ ಬಿಗಿದು ಸುತ್ತುವ ರೂಢಿಯಿದ್ದರೆ, ಮಗು ಮಗುಚಲು ಹವಣಿಸಿದ ದಿನವೇ ನಿಲ್ಲಿಸಿ. ಕೆಲವು ಮಕ್ಕಳಿಗೆ ಅದು ಮೂರು ನಾಲ್ಕು ತಿಂಗಳಿಗೇ ಬರುತ್ತದೆ. ಕೈ ಕಟ್ಟಿದ ಮಗು ಬೋರಲಾದರೆ ಮುಖ ಎತ್ತಲಾರದು. ಎರಡೂ ಕಡೆಗೆ ತಾನೇ ಮಗುಚಿಕೊಳ್ಳುವ ಮಗುವನ್ನು ಅಂಗಾತವೇ ಮಲಗಿಸಿ, ಆಮೇಲೆ ನಿದ್ದೆಯಲ್ಲಿ ಹೊರಳಿದರೆ ಎಬ್ಬಿಸಿ ತಿರುಗಿಸುತ್ತಾ ಕೂರಬೇಕಾಗಿಲ್ಲ.